ವಿಗಲ್ ಸಾರ್ಟ್: ಎರಡು ಐದುಗಳನ್ನು ದೂರ ಕೂರಿಸುವುದು ಹೇಗೆ?

ಪ್ರಶ್ನೆ: ಸರ್, ಅರೇಯನ್ನು ಏರು, ಇಳಿ, ಏರು, ಇಳಿ ಆಗುವ ಹಾಗೆ ಜೋಡಿಸಬೇಕು. ಒಂದೇ ಲೂಪಿನಲ್ಲಿ ಪಕ್ಕದ ಎಲಿಮೆಂಟ್ ಜೊತೆ ಸ್ವಾಪ್ ಮಾಡುತ್ತಾ ಹೋದೆ. `[5,5,4,6,5,1]` ಕೊಟ್ಟರೆ ಎರಡು 5 ಅಕ್ಕಪಕ್ಕವೇ ಉಳಿಯುತ್ತವೆ. ಸಾರ್ಟ್ ಮಾಡಿ ಅರ್ಧರ್ಧ ಹೆಣೆದು ನೋಡಿದೆ, ಅದೂ ಕೈಕೊಟ್ಟಿತು. ಇದು O(n) ಸಮಯದಲ್ಲೇ ಆಗುತ್ತದೆ ಅನ್ನುತ್ತಾರೆ. ಹೇಗೆ?

ಉತ್ತರ: ನಿಮ್ಮ ಲೂಪಿನಲ್ಲಿ ತಪ್ಪಿಲ್ಲ. ಅದು ಬೇರೆ ಲೆಕ್ಕಕ್ಕೆ ಸರಿಯಾದ ಉತ್ತರ. ವಿಗಲ್ ಸಾರ್ಟ್ ಅನ್ನುವ ಒಂದೇ ಹೆಸರಿನಡಿ ಎರಡು ಲೆಕ್ಕಗಳು ಓಡಾಡುತ್ತವೆ. ಲೀಟ್‌ಕೋಡ್‌ನಲ್ಲಿ 280ನೆಯದು ಒಂದು, 324ನೆಯದು ಇನ್ನೊಂದು. ಮೊದಲನೆಯದು `a[0] <= a[1] >= a[2] <= a[3]` ಇದ್ದರೆ ಸಾಕು ಅನ್ನುತ್ತದೆ. ಎರಡನೆಯದಕ್ಕೆ `a[0] < a[1] > a[2] < a[3]` ಬೇಕು, ಸಮ ಚಿಹ್ನೆಗೆ ಅಲ್ಲಿ ಜಾಗವಿಲ್ಲ. ಕಾಗದದ ಮೇಲೆ ನೋಡಿದರೆ ಒಂದು ಗೆರೆಯ ವ್ಯತ್ಯಾಸ. ಆದರೆ ಆ ಗೆರೆ ತೆಗೆದ ಕೂಡಲೇ ಮೂರು ಸಾಲಿನ ಲೂಪು ಕೆಲಸಕ್ಕೆ ಬಾರದಂತಾಗುತ್ತದೆ.

ಮಾತಿಗೆ ಅನುಕೂಲವಾಗಲೆಂದು 0, 2, 4ನೆಯ ಇಂಡೆಕ್ಸ್‌ಗಳನ್ನು ತಗ್ಗು ಅಂತಲೂ 1, 3, 5ನೆಯವನ್ನು ದಿಬ್ಬ ಅಂತಲೂ ಕರೆಯೋಣ. ತಗ್ಗಿನಲ್ಲಿ ಇರುವುದು ಅಕ್ಕಪಕ್ಕದ ದಿಬ್ಬಗಳಿಗಿಂತ ಚಿಕ್ಕದಾಗಿರಬೇಕು, ಅಷ್ಟೇ ನಿಯಮ.

ಮೊದಲು ನಿಮ್ಮ ಲೂಪು ಯಾಕೆ ಸರಿ ಅಂತ ನೋಡಿಬಿಡೋಣ. ಅದರ ಬಲ ಗೊತ್ತಾದರೆ ಮಿತಿಯೂ ಅಲ್ಲೇ ಕಾಣುತ್ತದೆ.

```python
for i in range(len(a) - 1):
    if (i % 2 == 0) == (a[i] > a[i+1]):
        a[i], a[i+1] = a[i+1], a[i]
```

ಅನೇಕರು ಇದನ್ನು ಹೀಗೆ ಚುಟುಕಾಗಿ ಬರೆಯುತ್ತಾರೆ. ಇದರಲ್ಲಿ ಒಂದು ಸಣ್ಣ ಎಡವಟ್ಟಿದೆ: ದಿಬ್ಬದಲ್ಲಿ ನಿಂತಾಗ ಎರಡೂ ಒಂದೇ ಬೆಲೆಯಾಗಿದ್ದರೂ ಸ್ವಾಪ್ ಆಗುತ್ತದೆ. ಒಂದೇ ಬೆಲೆಗಳು ಜಾಗ ಬದಲಿಸಿಕೊಂಡರೆ ಹಾನಿ ಏನಿಲ್ಲ, ಒಂದು ಕೆಲಸ ದಂಡ ಅಷ್ಟೆ.

ಈಗ ದಿಬ್ಬದ ಇಂಡೆಕ್ಸ್ `i` ಮೇಲೆ ನಿಂತಿದ್ದೇವೆ ಅಂದುಕೊಳ್ಳಿ. ಹಿಂದಿನ ಹೆಜ್ಜೆಯಲ್ಲಿ `a[i-1] <= a[i]` ಆಗಿದೆ. ಮುಂದೆ ನೋಡಿದರೆ `a[i+1]` ಇನ್ನೂ ದೊಡ್ಡದು, ಸ್ವಾಪ್ ಮಾಡಬೇಕು. ಮಾಡಿದಾಗ ದಿಬ್ಬಕ್ಕೆ ಬರುವುದು ಮೊದಲಿದ್ದದ್ದಕ್ಕಿಂತ ದೊಡ್ಡ ಸಂಖ್ಯೆ. ಹಿಂದಿನ ತಗ್ಗು ಹಳೆಯ ದಿಬ್ಬಕ್ಕೇ ತಲೆಬಾಗಿತ್ತು, ದಿಬ್ಬ ಇನ್ನಷ್ಟು ಎತ್ತರವಾದರೆ ಅದಕ್ಕೇನು ಕಷ್ಟ? ತಗ್ಗಿನ ಮೇಲೆ ನಿಂತಾಗಲೂ ಇದೇ ಮಾತು ತಲೆಕೆಳಗಾಗಿ ಹೊಂದುತ್ತದೆ. ಹಾಗಾಗಿ ಹಿಂದಕ್ಕೆ ತಿರುಗಿ ರಿಪೇರಿ ಮಾಡುವ ಪ್ರಸಂಗವೇ ಬರುವುದಿಲ್ಲ. `n-1` ಹೋಲಿಕೆಯಲ್ಲಿ ಕೆಲಸ ಮುಗಿಯಿತು, ಹೆಚ್ಚುವರಿ ಜಾಗವೂ ಬೇಡ. ಎಲ್ಲ ಸಂಖ್ಯೆಗಳೂ ಬೇರೆಬೇರೆಯಾಗಿದ್ದರೆ ಕಟ್ಟುನಿಟ್ಟಿನ ಲೆಕ್ಕಕ್ಕೂ ಇದೇ ಸಾಕು.

ಸಾರ್ಟ್ ಮಾಡದೆ ಇದು ಹೇಗೆ ಸಾಧ್ಯ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಬೇರೆಬೇರೆ 6 ಸಂಖ್ಯೆಗಳನ್ನು 720 ರೀತಿ ಜೋಡಿಸಬಹುದು. ಸಾರ್ಟ್‌ಗೆ ಅದರಲ್ಲಿ ಒಂದೇ ಒಂದು ಒಪ್ಪಿಗೆ. ಏರಿಳಿತಕ್ಕೆ 61 ಒಪ್ಪಿಗೆ. ಗುರಿ ಅಷ್ಟು ಅಗಲವಾಗಿರುವುದರಿಂದ ಕಡಿಮೆ ಪ್ರಶ್ನೆ ಕೇಳಿದರೂ ಅದಕ್ಕೆ ತಾಗುತ್ತೇವೆ.

ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದಾಗ ಲೂಪಿಗೆ ಏನಾಗುತ್ತದೆ? ನಿಮ್ಮದಕ್ಕಿಂತ ಮೊಂಡ ಉದಾಹರಣೆ `[1,1,1,2,2,2]`. `1 <= 1` ಸರಿ, `1 >= 1` ಸರಿ, `1 <= 2` ಸರಿ, `2 >= 2` ಸರಿ, `2 <= 2` ಸರಿ. ಸಡಿಲ ನಿಯಮದ ಪ್ರಕಾರ ಈ ಅರೇ ಆಗಲೇ ಏರಿಳಿತದಲ್ಲಿದೆ! ಲೂಪು ಒಂದು ಸಂಖ್ಯೆಯನ್ನೂ ನಿಜವಾಗಿ ಕದಲಿಸುವುದಿಲ್ಲ. ಉತ್ತರ `1 2 1 2 1 2` ಕಣ್ಣೆದುರೇ ಇದ್ದರೂ ಅಲ್ಲಿಗೆ ಹೋಗಬೇಕೆಂದರೆ ದೂರದ ಸಂಖ್ಯೆಯನ್ನು ಎಳೆದು ತರಬೇಕು. ಪಕ್ಕದ್ದನ್ನು ಮಾತ್ರ ನೋಡುವ ಲೂಪಿಗೆ ಆ ದೃಷ್ಟಿಯಿಲ್ಲ.

ಇನ್ನು ಸಾರ್ಟ್ ಮಾಡಿ ಹೆಣೆಯುವ ದಾರಿ. ನಿಮ್ಮ ಅರೇ ಸಾರ್ಟ್ ಆದರೆ `1 4 5 5 5 6`. ಚಿಕ್ಕ ಅರ್ಧ `1 4 5`, ದೊಡ್ಡ ಅರ್ಧ `5 5 6`. ಒಂದು ಇಲ್ಲಿಂದ ಒಂದು ಅಲ್ಲಿಂದ ತೆಗೆದು ಹೆಣೆದರೆ `1 5 4 5 5 6`. ಮೂರನೆಯ ಮತ್ತು ನಾಲ್ಕನೆಯ ಇಂಡೆಕ್ಸ್‌ನಲ್ಲಿ 5, 5. ಯಾಕೆ ಹೀಗಾಯಿತು ಅಂತ ನೋಡಿ. ಜಗಳ ಎಬ್ಬಿಸುವ ಸಂಖ್ಯೆ ಯಾವತ್ತೂ ನಡುವಿನದೇ, ಅಂದರೆ ಮೀಡಿಯನ್. ಎರಡೂ ಅರ್ಧಗಳಲ್ಲಿ ಕಾಲಿಟ್ಟಿರಲು ಸಾಧ್ಯವಿರುವುದು ಅದೊಂದಕ್ಕೇ. ಚಿಕ್ಕ ಅರ್ಧದಲ್ಲಿ ಅದು ಬಾಲದಲ್ಲಿರುತ್ತದೆ, ದೊಡ್ಡ ಅರ್ಧದಲ್ಲಿ ತಲೆಯಲ್ಲಿರುತ್ತದೆ. ನೇರವಾಗಿ ಹೆಣೆದರೆ ಬಾಲವೂ ತಲೆಯೂ ಸಾಲಿನ ಮಧ್ಯೆ ಎಲ್ಲೋ ಮುಖಾಮುಖಿಯಾಗಿಬಿಡಬಹುದು.

ಪರಿಹಾರ ನಗು ಬರುವಷ್ಟು ಸಣ್ಣದು. ಎರಡೂ ಅರ್ಧಗಳನ್ನು ಹಿಂದುಮುಂದಾಗಿಸಿ ಹೆಣೆಯಿರಿ. `5 4 1` ಮತ್ತು `6 5 5` ಸೇರಿದರೆ `5 6 4 5 1 5`. ಸರಿಹೋಯಿತು. ಈಗ ತಗ್ಗುಗಳ ಐದು ಸಾಲಿನ ಆರಂಭಕ್ಕೆ ಹೋದವು, ದಿಬ್ಬಗಳ ಐದು ಸಾಲಿನ ಕೊನೆಗೆ. ಮದುವೆ ಊಟದ ಪಂಕ್ತಿಯಲ್ಲಿ ಮಾತು ಬಿಟ್ಟ ನೆಂಟರನ್ನು ಎರಡು ತುದಿಗೆ ಕೂರಿಸಿದ ಹಾಗೆ.

ಇದು ಈ ಒಂದು ಉದಾಹರಣೆಗೆ ಒದಗಿದ ಅದೃಷ್ಟವಲ್ಲ. ಸಾರ್ಟ್ ಆದ ಸಾಲಿನಲ್ಲಿ ಪ್ರತಿಯೊಂದರ ಸ್ಥಾನವನ್ನು ಗುರುತಿಟ್ಟುಕೊಂಡು ನೋಡಿ. ಹಿಂದುಮುಂದಾಗಿ ಹೆಣೆದ ಮೇಲೆ ಅಕ್ಕಪಕ್ಕ ಕೂರುವ ಎರಡು ಸಂಖ್ಯೆಗಳು ಸಾರ್ಟ್ ಆದ ಸಾಲಿನಲ್ಲಿ ಕನಿಷ್ಠ `n//2` ಸ್ಥಾನ ದೂರದವು. `n` 6 ಇದ್ದರೆ ಕನಿಷ್ಠ 3 ಸ್ಥಾನ. ಮೂರು ಸ್ಥಾನ ದೂರವಿದ್ದೂ ಎರಡರ ಬೆಲೆ ಒಂದೇ ಆಗಬೇಕಾದರೆ ಆ ಬೆಲೆ ಕನಿಷ್ಠ ನಾಲ್ಕು ಸಲ ಬಂದಿರಬೇಕು. ಆರರಲ್ಲಿ ನಾಲ್ಕು ಒಂದೇ ಸಂಖ್ಯೆಯಾದರೆ ಯಾವ ದೇವರೂ ಅವನ್ನು ಬೇರೆಬೇರೆ ಕೂರಿಸಲಾರ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು, ಮರೆತರೆ ಆಮೇಲೆ ಇಲ್ಲದ ಬಗ್ ಹುಡುಕುತ್ತಾ ಕೂರುತ್ತೀರಿ. ಕಟ್ಟುನಿಟ್ಟಿನ ಲೆಕ್ಕಕ್ಕೆ ಎಲ್ಲ ಅರೇಗಳಲ್ಲೂ ಉತ್ತರವಿರುವುದಿಲ್ಲ. ಉದ್ದ ಸಮಸಂಖ್ಯೆಯಾಗಿದ್ದರೆ ಒಂದು ಬೆಲೆ ಅರ್ಧದಷ್ಟು ಸಲ ಬರಬಹುದು, ಅದಕ್ಕಿಂತ ಹೆಚ್ಚು ಕೂಡದು. ಉದ್ದ ಬೆಸವಾಗಿದ್ದರೆ ತುಸು ಸೂಕ್ಷ್ಮ. `[1,1,2]` ಅನ್ನು `1 2 1` ಮಾಡಬಹುದು. `[1,2,2]` ಅನ್ನು ಏನು ಮಾಡಿದರೂ ಆಗದು. ಎರಡು 2ಗಳು ಅಕ್ಕಪಕ್ಕ ಬರಬಾರದೆಂದರೆ ಎರಡೂ ತುದಿಗೆ ಹೋಗಬೇಕು, ಅವೆರಡೂ ತಗ್ಗು, ಮಧ್ಯದ ದಿಬ್ಬಕ್ಕೆ ಉಳಿಯುವುದು 1. ಅಂದರೆ ಬೆಸ ಉದ್ದದಲ್ಲಿ ಒಂದು ಬೆಲೆ ಅರ್ಧವನ್ನು ಮೀರಿ ಒಂದು ಹೆಚ್ಚು ಬರಬಹುದಾದರೆ ಅದು ಇಡೀ ಅರೇಯಲ್ಲೇ ಅತಿ ಚಿಕ್ಕ ಬೆಲೆಯಾಗಿರಬೇಕು. ಈ ಷರತ್ತು ಒಪ್ಪಿದ ಪ್ರತಿ ಅರೇಗೂ ಹಿಂದುಮುಂದು ಹೆಣಿಗೆ ಉತ್ತರ ಕೊಟ್ಟೇ ಕೊಡುತ್ತದೆ.

ಸರಿ, ಇಷ್ಟಾದರೂ ಸಾರ್ಟ್ ಇದೆ, ಹಾಗಾಗಿ ಇದು O(n log n). O(n) ಎಲ್ಲಿಂದ ಬರುತ್ತದೆ?

ಮೇಲಿನ ಮಾತನ್ನೇ ಇನ್ನೊಮ್ಮೆ ಓದಿ. ಜಗಳ ಎಬ್ಬಿಸುವುದು ಮೀಡಿಯನ್ ಒಂದೇ. ಹಾಗಿದ್ದ ಮೇಲೆ ಉಳಿದವುಗಳ ಒಳಗಿನ ಕ್ರಮ ನಮಗೇಕೆ? ಮೀಡಿಯನ್‌ಗಿಂತ ದೊಡ್ಡವು ದಿಬ್ಬಗಳಲ್ಲಿ ಮೊದಲಿನಿಂದ ತುಂಬಲಿ, ಅವುಗಳಲ್ಲಿ ಯಾವುದು ಮುಂದೆ ಯಾವುದು ಹಿಂದೆ ಅನ್ನುವುದು ಬೇಡ. ಚಿಕ್ಕವು ತಗ್ಗುಗಳಲ್ಲಿ ಕೊನೆಯಿಂದ ತುಂಬಲಿ. ಉಳಿದ ಜಾಗಕ್ಕೆ, ಅಂದರೆ ದಿಬ್ಬಗಳ ಕೊನೆ ಮತ್ತು ತಗ್ಗುಗಳ ಆರಂಭಕ್ಕೆ, ಮೀಡಿಯನ್‌ಗಳು ಬರಲಿ. ಪೂರ್ತಿ ಸಾರ್ಟ್ ಬೇಕಿಲ್ಲ, ದೊಡ್ಡದು, ನಡುವಿನದು, ಚಿಕ್ಕದು ಅನ್ನುವ ಮೂರು ಗುಂಪು ಸಾಕು. ಮೂರು ಗುಂಪು ಮಾಡಲು ಒಂದೇ ಸುತ್ತು ಸಾಕು ಅನ್ನುವುದನ್ನು ಡೈಕ್‌ಸ್ಟ್ರಾ ಅವರ ಡಚ್ ಧ್ವಜದ ಲೆಕ್ಕದಲ್ಲಿ ನೀವು ನೋಡಿರುತ್ತೀರಿ: ಕೆಂಪು, ಬಿಳಿ, ನೀಲಿ.

ಧ್ವಜದ ಲೆಕ್ಕದಲ್ಲಿ ಗುಂಪುಗಳು 0, 1, 2, 3 ಅಂತ ಸಾಲಾಗಿ ಕೂರುತ್ತವೆ. ನಮಗೆ 1, 3, 5, ಆಮೇಲೆ 0, 2, 4 ಅನ್ನುವ ಕ್ರಮದಲ್ಲಿ ಕೂರಬೇಕು. ಹಾಗಾಗಿ ಅಲ್ಗಾರಿದಮ್ ತನ್ನ ಪಾಡಿಗೆ 0ರಿಂದ ಎಣಿಸಿಕೊಂಡು ಹೋಗಲಿ, ಪ್ರತಿ ಸಲ ಅರೇಯನ್ನು ಮುಟ್ಟುವಾಗ ಮಾತ್ರ ಆ ಎಣಿಕೆಯನ್ನು ನಿಜವಾದ ಇಂಡೆಕ್ಸ್‌ಗೆ ಬದಲಿಸೋಣ. ಬದಲಿಸುವ ಸೂತ್ರ `(1 + 2*i) % (n | 1)`.

`n` 6 ಇದ್ದಾಗ `n | 1` ಅಂದರೆ 7. `i` ಗೆ 0, 1, 2 ಹಾಕಿದರೆ 1, 3, 5. 3 ಹಾಕಿದರೆ 7, ಅದನ್ನು 7ರಿಂದ ಭಾಗಿಸಿದ ಶೇಷ 0. 4ಕ್ಕೆ 2, 5ಕ್ಕೆ 4. `n` 5 ಇದ್ದಾಗ `n | 1` ಕೂಡ 5, ಬರುವ ಕ್ರಮ 1, 3, 0, 2, 4. ಆ `| 1` ನೋಡಿದವರಿಗೆ ಮಾಟದಂತೆ ಕಾಣುತ್ತದೆ. ಅದರ ಕೆಲಸ ಇಷ್ಟೇ: ಭಾಜಕ ಯಾವಾಗಲೂ ಬೆಸವಾಗಿರಲಿ. ಅದನ್ನು ಬಿಟ್ಟು ಬರೀ `% n` ಅಂತ ಬರೆದರೆ `n` 6 ಇದ್ದಾಗ 1, 3, 5, 1, 3, 5 ಬರುತ್ತದೆ. ತಗ್ಗುಗಳನ್ನು ಯಾರೂ ಮುಟ್ಟುವುದೇ ಇಲ್ಲ. ಬೆಸ ಉದ್ದದ ಅರೇಗಳಲ್ಲಿ ಮಾತ್ರ ಸರಿ ಉತ್ತರ ಬಂದು ಸಮ ಉದ್ದದಲ್ಲಿ ಕೆಟ್ಟರೆ ಮೊದಲು ಅನುಮಾನಿಸಬೇಕಾದದ್ದು ಈ ಸಾಲನ್ನೇ.

```python
def wiggle(a):
    n = len(a)
    if n < 2:
        return
    m = kth(a, n // 2)
    v = lambda i: (1 + 2*i) % (n | 1)
    lo, i, hi = 0, 0, n - 1
    while i <= hi:
        x = a[v(i)]
        if x > m:
            a[v(i)], a[v(lo)] = a[v(lo)], x
            lo += 1
            i += 1
        elif x < m:
            a[v(i)], a[v(hi)] = a[v(hi)], x
            hi -= 1
        else:
            i += 1
```

`kth` ಅಂದರೆ ಸಾರ್ಟ್ ಮಾಡಿದ್ದರೆ `k` ನೆಯ ಇಂಡೆಕ್ಸ್‌ನಲ್ಲಿ ಇರುತ್ತಿದ್ದ ಸಂಖ್ಯೆ. ಅದಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ಅರೇಯನ್ನು ಇದರೊಳಗೆ ಓಡಿಸಿ ನೋಡೋಣ, ಪೆನ್ನು ಹಿಡಿದುಕೊಳ್ಳಿ.

`[5,5,4,6,5,1]` ಇದರ ಮೀಡಿಯನ್ `m` 5. ಅರೇಯನ್ನು 1, 3, 5, 0, 2, 4 ಅನ್ನುವ ಕ್ರಮದಲ್ಲಿ ಓದಿದರೆ `5 6 1 5 4 5` ಕಾಣುತ್ತದೆ. ಅಲ್ಗಾರಿದಮ್ ನೋಡುವ ಸಾಲು ಇದೇ. `lo` ಮತ್ತು `i` 0ಯಲ್ಲಿ, `hi` 5ರಲ್ಲಿ. ಮೊದಲು ಸಿಕ್ಕಿದ್ದು 5, ಮೀಡಿಯನ್, `i` ಮುಂದೆ ಹೋಯಿತು. ಈಗ 6, ದೊಡ್ಡದು, `lo` ಜಾಗದ 5ರ ಜೊತೆ ಸ್ವಾಪ್: `6 5 1 5 4 5`. `lo` 1 ಆಯಿತು, `i` 2 ಆಯಿತು. ಅಲ್ಲಿ 1, ಚಿಕ್ಕದು, `hi` ಜಾಗದ 5ರ ಜೊತೆ ಸ್ವಾಪ್: `6 5 5 5 4 1`, `hi` 4ಕ್ಕೆ ಇಳಿಯಿತು. `i` ಮಾತ್ರ ಅಲ್ಲೇ ನಿಂತಿದೆ. ಮುಂದಿನ ಎರಡೂ 5, ದಾಟಿದೆವು. `i` 4ರಲ್ಲಿ 4 ಇದೆ, ಚಿಕ್ಕದು, `hi` ಕೂಡ ಅಲ್ಲೇ ಇರುವುದರಿಂದ ತನ್ನ ಜೊತೆ ತಾನೇ ಸ್ವಾಪ್ ಆಗಿ `hi` 3 ಆಯಿತು. ಲೂಪು ಮುಗಿಯಿತು.

ಈಗ `6 5 5 5 4 1` ಅನ್ನು ನಿಜವಾದ ಜಾಗಗಳಿಗೆ ಹಂಚಿದರೆ 1ನೆಯ ಇಂಡೆಕ್ಸ್‌ಗೆ 6, 3ಕ್ಕೆ 5, 5ಕ್ಕೆ 5, 0ಗೆ 5, 2ಕ್ಕೆ 4, 4ಕ್ಕೆ 1. ಸಾಲಾಗಿ ಓದಿ: `5 6 4 5 1 5`. (ಹಂಚುವ ಹೆಜ್ಜೆ ಬರೀ ನಮ್ಮ ಓದಿಗೆ. ಕೋಡಿನಲ್ಲಿ ಸಂಖ್ಯೆಗಳು ಮೊದಲಿನಿಂದಲೂ ಅಲ್ಲೇ ಕೂತಿವೆ.)

ಚಿಕ್ಕದು ಸಿಕ್ಕಾಗ `i` ಯಾಕೆ ಮುಂದೆ ಹೋಗುವುದಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. `hi` ಕಡೆಯಿಂದ ಬಂದ ಸಂಖ್ಯೆಯ ಮುಖವನ್ನು ನಾವಿನ್ನೂ ನೋಡಿಲ್ಲ. ಅದು 6 ಇರಬಹುದು, 1 ಇರಬಹುದು. `lo` ಕಡೆಯಿಂದ ಬರುವುದು ಹಾಗಲ್ಲ, ಅಲ್ಲಿ ಇರುವುದು ಆಗಲೇ ನೋಡಿ ಬಿಟ್ಟುಬಂದ ಮೀಡಿಯನ್, ಇಲ್ಲವೇ ತಾನೇ. ಎರಡೂ ಕಡೆ `i += 1` ಬರೆದವರ ಕೋಡು ಬಹಳ ಇನ್‌ಪುಟ್‌ಗಳಲ್ಲಿ ಸರಿಯಾಗಿಯೇ ಓಡುತ್ತದೆ, ಯಾವಾಗಲೋ ಒಮ್ಮೆ ಕೆಡುತ್ತದೆ. ಅಂಥ ಬಗ್‌ಗಳೇ ಹೆಚ್ಚು ಗೋಳು.

ಇನ್ನು ಮೀಡಿಯನ್ ಹುಡುಕುವುದು. ಅದನ್ನೂ ಸಾರ್ಟ್ ಮಾಡಿಯೇ ಹುಡುಕಿದರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ. ಇದಕ್ಕೆ ಇರುವುದು ಕ್ವಿಕ್‌ಸೆಲೆಕ್ಟ್, ಟೋನಿ ಹೋರ್ 1961ರಲ್ಲಿ ಪ್ರಕಟಿಸಿದ್ದು. ಒಂದು ಪಿವಟ್ ಆರಿಸಿ ಅರೇಯನ್ನು ಒಡೆಯುತ್ತೇವೆ, `k` ಯಾವ ಕಡೆ ಬಿತ್ತೋ ಆ ಕಡೆಯನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಕೈಬಿಡುತ್ತೇವೆ. ಪಿವಟ್ ರ್‍ಯಾಂಡಮ್ ಆಗಿದ್ದರೆ ಸರಾಸರಿ O(n).

ನಾನು ಎಡವಿದ್ದು ಇಲ್ಲೇ, ನೀವೂ ಇಲ್ಲೇ ಎಡವುವ ಸಾಧ್ಯತೆ ಹೆಚ್ಚು. ಪುಸ್ತಕಗಳಲ್ಲಿ ಮೊದಲು ಕಲಿಸುವುದು ಪಿವಟ್‌ಗಿಂತ ಚಿಕ್ಕದು ಅಥವಾ ಸಮವಾದವು ಒಂದು ಕಡೆ, ಉಳಿದವು ಇನ್ನೊಂದು ಕಡೆ ಅನ್ನುವ ಎರಡು ಗುಂಪಿನ ಒಡೆತ. ಎಲ್ಲವೂ ಬೇರೆಬೇರೆ ಇದ್ದಾಗ ಅದು ಚೆನ್ನಾಗಿದೆ. ಆದರೆ ನಾವು ಈ ಕಷ್ಟದ ದಾರಿ ಹಿಡಿದದ್ದೇ ಒಂದೇ ಸಂಖ್ಯೆ ಪದೇಪದೇ ಬರುತ್ತದೆ ಅಂತ! ಒಂದು ಅರೇ ಇದೆ, 20,000 ಸಂಖ್ಯೆ, ಅದರಲ್ಲಿ 10,000 ಬರೀ ಮೀಡಿಯನ್, 5,000 ಅದಕ್ಕಿಂತ ಚಿಕ್ಕವು, 5,000 ದೊಡ್ಡವು ಅಂದುಕೊಳ್ಳಿ. ಮೀಡಿಯನ್ ಪಿವಟ್ ಆದ ಪ್ರತಿ ಸಲವೂ ಉಳಿದ ಮೀಡಿಯನ್‌ಗಳೆಲ್ಲ ಒಂದೇ ಕಡೆಗೆ ಗುಡ್ಡೆ ಬೀಳುತ್ತವೆ, ಒಂದು ಸುತ್ತಿಗೆ ಉದುರುವುದು ಒಂದೇ ಸಂಖ್ಯೆ. ನಡುವಿನ ಜಾಗ ತಲುಪಲು ಸುಮಾರು 5,000 ಸುತ್ತು, ಪ್ರತಿ ಸುತ್ತಿಗೂ ಕನಿಷ್ಠ 5,000 ಹೋಲಿಕೆ. ಎಲ್ಲ ಕೂಡಿಸಿದರೆ ಮೂರು ಕೋಟಿ ದಾಟುತ್ತದೆ. ಪಿವಟ್ ರ್‍ಯಾಂಡಮ್ ಇದ್ದರೂ ಪಾರಾಗುವಂತಿಲ್ಲ, ಯಾವುದನ್ನು ಎತ್ತಿದರೂ ಅದೇ ಸಂಖ್ಯೆ ತಾನೇ. ನನ್ನ ಕೋಡು ಉತ್ತರವನ್ನೇನೋ ಸರಿಯಾಗಿ ಕೊಡುತ್ತಿತ್ತು. ಅರೇಯ ಉದ್ದ ಎರಡರಷ್ಟು ಮಾಡಿದಾಗ ಸಮಯ ನಾಲ್ಕರಷ್ಟಾಗುವುದನ್ನು ಕಂಡ ಮೇಲೆಯೇ ಅನುಮಾನ ಬಂದದ್ದು. ನೀವೂ ಈ ಪರೀಕ್ಷೆ ಮಾಡಿ: ಉದ್ದ ದುಪ್ಪಟ್ಟಾದರೆ ಸಮಯವೂ ಸುಮಾರು ದುಪ್ಪಟ್ಟಾಗಬೇಕು.

ಮದ್ದು ಕೈಯಲ್ಲೇ ಇದೆ. ಒಡೆಯುವಾಗಲೂ ಮೂರು ಗುಂಪು ಮಾಡಿ.

```python
import random

def kth(a, k):
    lo, hi = 0, len(a) - 1
    while True:
        p = a[random.randint(lo, hi)]
        lt, i, gt = lo, lo, hi
        while i <= gt:
            if a[i] < p:
                a[i], a[lt] = a[lt], a[i]
                lt += 1
                i += 1
            elif a[i] > p:
                a[i], a[gt] = a[gt], a[i]
                gt -= 1
            else:
                i += 1
        if k < lt:
            hi = lt - 1
        elif k > gt:
            lo = gt + 1
        else:
            return p
```

ಪಿವಟ್‌ಗೆ ಸಮವಾದವೆಲ್ಲ `lt` ಮತ್ತು `gt` ನಡುವೆ ಒಟ್ಟಿಗೆ ಸೇರುತ್ತವೆ. `k` ಆ ಪಟ್ಟಿಯೊಳಗೆ ಬಿದ್ದರೆ ಅಲ್ಲಿಗೇ ಮುಗಿಯಿತು. ಹಾಗಾಗಿ ಮೀಡಿಯನ್ ಹೆಚ್ಚು ಸಲ ಬಂದಷ್ಟೂ ಕೆಲಸ ಬೇಗ ಮುಗಿಯುತ್ತದೆ, ಮೊದಲು ಶತ್ರುವಾಗಿದ್ದದ್ದೇ ಈಗ ಸಹಾಯಕ್ಕೆ ನಿಂತ ಹಾಗೆ. ಇದು ಅರೇಯನ್ನು ಕದಡುತ್ತದೆ, ನಮಗೆ ಅಡ್ಡಿಯಿಲ್ಲ, ಹೇಗೂ ಮತ್ತೆ ಜೋಡಿಸುವವರು ನಾವೇ. (ಕಾಗದದ ಮೇಲೆ ಓಡಿಸಿದ್ದಕ್ಕೂ ಕಂಪ್ಯೂಟರ್ ಕೊಡುವ ಉತ್ತರಕ್ಕೂ ಈ ಕಾರಣಕ್ಕೆ ವ್ಯತ್ಯಾಸ ಬರಬಹುದು. ಎರಡೂ ಸರಿಯೇ.)

ಸರಾಸರಿ ಸಾಲದು, ಎಂಥ ಕೆಟ್ಟ ಇನ್‌ಪುಟ್ ಬಂದರೂ O(n) ಖಾತ್ರಿ ಬೇಕು ಅಂದರೆ ಬ್ಲಮ್, ಫ್ಲಾಯ್ಡ್, ಪ್ರಾಟ್, ರಿವೆಸ್ಟ್, ಟಾರ್ಜನ್ ಐವರು ಸೇರಿ 1973ರಲ್ಲಿ ಪ್ರಕಟಿಸಿದ ಉಪಾಯವಿದೆ: ಐದೈದರ ಗುಂಪು ಮಾಡಿ ಪ್ರತಿ ಗುಂಪಿನ ಮೀಡಿಯನ್ ತೆಗೆದು, ಆ ಮೀಡಿಯನ್‌ಗಳ ಮೀಡಿಯನ್ ಅನ್ನು ಪಿವಟ್ ಮಾಡುವುದು. ಸಂದರ್ಶನದಲ್ಲಿ ಅದರ ಹೆಸರು ಹೇಳಿದರೆ ಸಾಕು, ಬರೆಯಿರಿ ಅನ್ನುವವರು ಕಡಿಮೆ. C++ ಬಳಸುವವರಿಗೆ `nth_element` ಸಿದ್ಧವಾಗಿದೆ.

ಒಂದು ನಿಷ್ಠುರದ ಮಾತೂ ಇರಲಿ. ಪೈಥಾನ್‌ನಲ್ಲಿ ಬರೆಯುತ್ತಿದ್ದೀರಿ, ಅರೇ ಕೆಲವು ಸಾವಿರದ್ದು ಅಂದರೆ ಸಾರ್ಟ್ ಮಾಡಿ ಹಿಂದುಮುಂದು ಹೆಣೆದುಬಿಡಿ. ಒಳಗೆ C ಭಾಷೆಯಲ್ಲಿ ಓಡುವ `sorted` ಎದುರು ನಾವು ಕೈಯಾರೆ ಪೈಥಾನ್‌ನಲ್ಲಿ ಬರೆದ ಕ್ವಿಕ್‌ಸೆಲೆಕ್ಟ್ ಗೆಲ್ಲುವುದಿಲ್ಲ. ಮೂರು ಸಾಲಿನಲ್ಲಿ ಆಗುತ್ತದೆ:

```python
s = sorted(a)
h = (len(a) + 1) // 2
a[::2], a[1::2] = s[:h][::-1], s[h:][::-1]
```

`h` ಲೆಕ್ಕದ ಆ `+ 1` ಬಿಡಬೇಡಿ. ಬೆಸ ಉದ್ದದಲ್ಲಿ ತಗ್ಗುಗಳು ದಿಬ್ಬಗಳಿಗಿಂತ ಒಂದು ಹೆಚ್ಚು, ಆ ಹೆಚ್ಚಿನದು ಚಿಕ್ಕ ಅರ್ಧಕ್ಕೆ ಸೇರಬೇಕು.

ಯಾವ ದಾರಿ ಹಿಡಿದರೂ ಕೊನೆಗೆ ತಪಾಸಣೆ ಮಾಡಿ. 0ರಿಂದ 3ರವರೆಗಿನ ಬೆಲೆಗಳಿಂದ ಆಗುವ, 7 ಉದ್ದದವರೆಗಿನ ಎಲ್ಲ ಅರೇಗಳನ್ನೂ ಓಡಿಸಬಹುದು. 7 ಉದ್ದದವು 16,384, ಕಂಪ್ಯೂಟರಿಗೆ ಇದು ಲೆಕ್ಕವೇ ಅಲ್ಲ. ಪ್ರತಿಯೊಂದರಲ್ಲೂ ಎರಡು ವಿಷಯ ನೋಡಿ: ಏರಿಳಿತ ಸರಿಯಾಗಿದೆಯೇ, ಮತ್ತು `sorted` ಮಾಡಿದರೆ ಮೊದಲಿನ ಸಂಖ್ಯೆಗಳೇ ಇವೆಯೇ. ಎರಡನೆಯದನ್ನು ಬಿಡುವವರೇ ಹೆಚ್ಚು. ಸ್ವಾಪ್ ಮಾಡುವಾಗ ಒಂದು ಸಂಖ್ಯೆಯನ್ನು ನುಂಗಿ ಇನ್ನೊಂದನ್ನು ಎರಡು ಸಲ ಬರೆದ ಕೋಡು ಏರಿಳಿತದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗಬಹುದು. ಸಂಖ್ಯೆಗಳೆಲ್ಲ ಸರಿಯಿದ್ದೂ ಏರಿಳಿತ ಸೋತರೆ, ಆ ಅರೇಯಲ್ಲಿ ಒಂದೇ ಬೆಲೆ ಎಷ್ಟು ಸಲ ಬಂದಿದೆ ಅಂತ ಎಣಿಸಿ. ಮೇಲೆ ಹೇಳಿದ ಷರತ್ತು ಮೀರಿದ್ದರೆ ಅದಕ್ಕೆ ಉತ್ತರವೇ ಇಲ್ಲ. ಮೀರಿಲ್ಲದಿದ್ದರೆ ಮೊದಲು `n | 1`, ಆಮೇಲೆ ಆ `i += 1` ನೋಡಿ.